ಪದಚರ್ಚೆ: ಸಾಲ ‘ರೀಸ್ಟ್ರಕ್ಚರ್’ ಮಾಡಿ ಎನ್ನಲು ಕನ್ನಡದಲ್ಲಿ ಏನು? (ನಾಳೆ ಬೆಳಿಗ್ಗೆಗೆ ಬೇಕು)

ರೇವತಿ, ಮೈಸೂರು:
ನಮ್ಮ ಭಾವನವರು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿದ್ದರು. ಹೋದ ತಿಂಗಳು ಅವರ ವಿಭಾಗವನ್ನೇ ಮುಚ್ಚಿದರು. ಮನೆ ಸಾಲ 20 ಲಕ್ಷ ಉಳಿದಿದೆ, ಇನ್ನೂ 15 ವರ್ಷ ಕಟ್ಟಬೇಕು, ಬಡ್ಡಿ ಶೇ. 9, ತಿಂಗಳ ಕಂತು 20,285 ರೂಪಾಯಿ. ಮಗ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಟ್ಟಿದ್ದಾನೆ. ಪೂರ್ತಿ ಅರ್ಥವಾಗದ ಕಾಗದಕ್ಕೆ ರುಜು ಹಾಕುವುದಿಲ್ಲ ಎಂದು ಭಾವ ಕೂತಿದ್ದಾರೆ. ನನ್ನ ಅನುವಾದ ಹೀಗಿದೆ: ‘ನಾನು ಕೆಲಸದಿಂದ ವಜಾಗೊಂಡಿರುವುದರಿಂದ ಸಾಲವನ್ನು ಪುನರ್ರಚಿಸಿ, ಆರು ತಿಂಗಳು ಬಡ್ಡಿ ಮಾತ್ರ ಕಟ್ಟಲು ಅವಕಾಶ ಕೊಟ್ಟು, ಬಳಿಕ ಅವಧಿಯನ್ನು 20 ವರ್ಷಕ್ಕೆ ಹೆಚ್ಚಿಸಬೇಕೆಂದು ಕೋರುತ್ತೇನೆ.’ ಓದಿ ಹೇಳಿದಾಗ ಭಾವ, ‘ಪುನರ್ರಚನೆ ಎಂದರೆ ಮನೆ ಕೆಡವಿ ಕಟ್ಟುವುದೇ?’ ಎಂದರು.

ಶ್ರೀಪಾದ, ಉಡುಪಿ:
‘ಪುನರ್ರಚನೆ’ ತಪ್ಪು. ರೇಫದ ಮುಂದೆ ರೇಫ ಬಂದರೆ ಮೊದಲನೆಯದು ಲೋಪವಾಗಿ ಹಿಂದಿನ ಸ್ವರ ದೀರ್ಘವಾಗುತ್ತದೆ. ನೀರಸ, ನೀರೋಗ ಎನ್ನುವುದಿಲ್ಲವೇ? ಆದ್ದರಿಂದ ‘ಪುನಾರಚನೆ’. ಪತ್ರಿಕೆಗಳು ದಿನವೂ ತಪ್ಪಾಗಿ ಅಚ್ಚು ಹಾಕಿದರೆ ಅದು ಸರಿಯಾಗಿಬಿಡುವುದಿಲ್ಲ.

ಗುರುಬಸಪ್ಪ, ಧಾರವಾಡ:
ಶ್ರೀಪಾದರೇ, ಸಂಸ್ಕೃತದ ಸಂಧಿಯನ್ನು ಸಾಲಗಾರನ ತಲೆಗೆ ಏಕೆ ಕಟ್ಟುತ್ತೀರಿ? ಸಾಲವೂ ಕಂತೂ ಅಚ್ಚಗನ್ನಡದವೇ ಇರುವಾಗ ಇದಕ್ಕೆ ಮಾತ್ರ ಎರವಲೇ? ‘ಮರುಹೊಂದಿಕೆ’ ಎನ್ನಿ, ಮುಗಿಯಿತು.

ಮಂಜುನಾಥ, ದಾವಣಗೆರೆ:
ಪದ ಯಾವುದಾದರೂ ಇರಲಿ, ರಿಸರ್ವ್ ಬ್ಯಾಂಕಿನ ಕೋವಿಡ್ ಸುತ್ತೋಲೆಯ ಪ್ರಕಾರ ಎಂದು ಬರೆಯಿರಿ. 2021ರಲ್ಲಿ ನನ್ನ ಅಂಗಡಿ ಸಾಲಕ್ಕೆ ಹಾಗೆಯೇ ಆಯಿತು. ಒಂದೇ ವಾರದಲ್ಲಿ ಕಂತು ಇಳಿಸಿದರು, ಯಾರೂ ಒಂದು ಮಾತು ಕೇಳಲಿಲ್ಲ.

ನಾಗರತ್ನ, ಶಿವಮೊಗ್ಗ:
ನಾನು ಮೂವತ್ತು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದವಳು. ಮಂಜುನಾಥರೇ, ಆ ಬಾಗಿಲು 2021ರ ಸೆಪ್ಟೆಂಬರ್ 30ಕ್ಕೇ ಮುಚ್ಚಿತು. ಆಗ ಸಾಲಕ್ಕೆ ಕಪ್ಪು ಚುಕ್ಕೆ ಬೀಳದಂತೆ ವಿಶೇಷ ರಿಯಾಯಿತಿ ಇತ್ತು, ಈಗ ಅದಿಲ್ಲ. ಸಾಲಗಾರನ ಹಣದ ಮುಗ್ಗಟ್ಟಿಗಾಗಿ ಬ್ಯಾಂಕು ಷರತ್ತು ಸಡಿಲಿಸಿದರೆ, ಒಂದು ಕಂತೂ ತಪ್ಪದಿದ್ದರೂ ಖಾತೆ ಸಾಮಾನ್ಯವಾಗಿ ಅನುತ್ಪಾದಕ, ಅಂದರೆ ಕೆಟ್ಟ ಸಾಲ, ಎಂದು ದಾಖಲಾಗುತ್ತದೆ, ಸಿಬಿಲ್ ವರದಿಯಲ್ಲೂ ಕಾಣುತ್ತದೆ. ವ್ಯವಸ್ಥಾಪಕರು ಹಿಂದೆಮುಂದೆ ನೋಡುವುದು ಅದಕ್ಕೇ. ರೇವತಿ, ನೀವು ‘ಅವಧಿ ವಿಸ್ತರಣೆ’ ಎಂದು ಮೆತ್ತಗೆ ಬರೆದರೂ ಲೆಕ್ಕ ಬದಲಾಗದು. ಅವರು ನೋಡುವುದು ಕಾರಣವನ್ನು, ಹೆಸರನ್ನಲ್ಲ.

ಗುರುಬಸಪ್ಪನವರ ‘ಹೊಂದಿಕೆ’ಯೂ ನನಗೆ ಭಯ. ಶಾಖೆಯಲ್ಲಿ ‘ಹೊಂದಾಣಿಕೆ’ ಎಂದರೆ ಒಂದಷ್ಟು ಕಟ್ಟಿ, ಉಳಿದದ್ದು ಬಿಡಿಸಿಕೊಂಡು ಖಾತೆ ಮುಚ್ಚುವ ರಾಜಿ ಎಂದು ತಿಳಿಯುವವರಿದ್ದಾರೆ. ಅದು ಬೇರೆಯೇ ಅರ್ಜಿ.

ಇನ್ನು ‘ವಜಾ’ ತೆಗೆದುಬಿಡಿ, ದಯವಿಟ್ಟು. ವಜಾ ಎಂದರೆ ಏನೋ ತಪ್ಪು ಮಾಡಿ ಹೊರಬಿದ್ದವರು ಎಂದು ಓದುತ್ತಾರೆ. ‘ವಿಭಾಗ ಮುಚ್ಚಿದ್ದರಿಂದ ನನ್ನ ಹುದ್ದೆ ರದ್ದಾಗಿದೆ’ ಎಂದು ಬರೆದು, ಕಾರ್ಖಾನೆ ಕೊಟ್ಟ ಬಿಡುಗಡೆ ಪತ್ರ ಲಗತ್ತಿಸಿ. ಮುಂದಿನ ಕಂತಿನ ದಿನಕ್ಕೆ ಮೊದಲೇ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅರ್ಜಿ ಕೊಟ್ಟ ಮಾತ್ರಕ್ಕೆ ಕಂತು ನಿಲ್ಲಿಸಬೇಡಿ; ಬಾಕಿ 90 ದಿನ ದಾಟಿದರೆ ಖಾತೆ ತಾನಾಗಿಯೇ ಕೆಡುತ್ತದೆ.

ಭಾವನವರಿಗೆ ಈ ಲೆಕ್ಕವನ್ನೂ ತೋರಿಸಿ. ಆರು ತಿಂಗಳು ಬಡ್ಡಿ ಮಾತ್ರ ಎಂದರೆ ತಿಂಗಳಿಗೆ 15,000. ಆಮೇಲೆ 20 ವರ್ಷಕ್ಕೆ ಹಂಚಿದರೆ ಕಂತು 17,995. ತಿಂಗಳಿಗೆ ಉಳಿಯುವುದು 2,290, ಕೊನೆಗೆ ಹೆಚ್ಚು ತೆರುವುದು ಸುಮಾರು ಏಳೂವರೆ ಲಕ್ಷ. ಕಾರ್ಖಾನೆಯಿಂದ ಗ್ರಾಚ್ಯುಟಿ ಬಂದಿದ್ದರೆ ಅದರಲ್ಲೊಂದು ಪಾಲನ್ನು ಅಸಲಿಗೆ ಕಟ್ಟಿ ಕಂತು ಇಳಿಸಿಕೊಳ್ಳಬಹುದೇ ಎಂದು ಮೊದಲು ವಿಚಾರಿಸಲಿ.

ಗುರುಬಸಪ್ಪ, ಧಾರವಾಡ:
‘ಅಸಲು’, ‘ರದ್ದು’, ‘ಬಾಕಿ’, ‘ಮೊಹರು’. ಬ್ಯಾಂಕಿನವರ ಕನ್ನಡದಲ್ಲಿ ಕನ್ನಡ ಎಷ್ಟಿದೆ ಎಂದು ಕೇಳಿದರೆ ಸಿಟ್ಟಾಗುತ್ತೀರಿ.

ನಾಗರತ್ನ, ಶಿವಮೊಗ್ಗ:
ಅಸಲು ಎಂದರೆ ಸಂತೆಯಲ್ಲಿ ಸೊಪ್ಪು ಮಾರುವವಳಿಗೂ ಗೊತ್ತು. ನಿಮ್ಮ ಮರುಹೊಂದಿಕೆ ನಿಮಗೊಬ್ಬರಿಗೆ ಗೊತ್ತು.

ಶ್ರೀಪಾದ, ಉಡುಪಿ:
ಗುರುಬಸಪ್ಪನವರಿಗೆ ‘ಬಡ್ಡಿ’ ಮಾತ್ರ ಹೇಗೆ ಸಹ್ಯವಾಯಿತೋ! ಅದು ಸಂಸ್ಕೃತದ ‘ವೃದ್ಧಿ’ಯ ತದ್ಭವ. ಅಂದಹಾಗೆ ಸಂಧಿಯ ಬಗ್ಗೆ ಇನ್ನೂ ಯಾರೂ ಉತ್ತರಿಸಿಲ್ಲ.

ಗುರುಬಸಪ್ಪ, ಧಾರವಾಡ:
ತದ್ಭವವಾದ ಮೇಲೆ ಅದು ನಮ್ಮದೇ. ನಿಮ್ಮ ‘ಪುನಾರಚನೆ’ ತದ್ಭವವಾಗುವಷ್ಟು ದಿನ ಬ್ಯಾಂಕು ಕಾಯುತ್ತದೆಯೇ?

ರೇವತಿ, ಮೈಸೂರು:
ವಿಷಯದ ಸಾಲಿನಲ್ಲಿ ‘ಮನೆ ಸಾಲದ ಕಂತು ಮತ್ತು ಅವಧಿಯನ್ನು ಹೊಸದಾಗಿ ನಿಗದಿಪಡಿಸುವ ಕುರಿತು’ ಎಂದು ಹಾಕಿದ್ದೇನೆ. ಕೆಳಗೆ ಒಂದೇ ಒಂದು ಕಡೆ ‘ಪುನಾರಚನೆ’ ಇದೆ, ಶ್ರೀಪಾದರ ಕಾಗುಣಿತದಲ್ಲೇ. ‘ವಜಾ’ ತೆಗೆದೆ. ಭಾವ ಎಲ್ಲ ಓದಿ, ಏಳೂವರೆ ಲಕ್ಷದ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಒಳಗೆ ಹೋದರು. ಗ್ರಾಚ್ಯುಟಿಯ ಕಾಗದ ಹುಡುಕುತ್ತಿದ್ದಾರೆ. ರುಜು ಇನ್ನೂ ಬಿದ್ದಿಲ್ಲ.