ಸ್ಲೈಡ್‌ನಲ್ಲಿ ಗ್ರಾಹಕರ ಮಾತು: ಜನ ನಂಬೋ ಹಾಗೆ ಮಾಡೋದು ಹೇಗೆ?

ಪ್ರಶ್ನೆ (ಶಿರಸಿ): ಅಡಿಕೆ ಸುಲಿಯೋ ಯಂತ್ರ ಬಾಡಿಗೆಗೆ ಕೊಡ್ತೇನೆ. ಮುಂದಿನ ವಾರ ಬೆಳೆಗಾರರ ಸಭೆಯಲ್ಲಿ ಹತ್ತು ನಿಮಿಷ ಮಾತಾಡ್ಲಿಕ್ಕಿದೆ. ಮೂವರು ಗ್ರಾಹಕರ ಫೋಟೋ, ಮಾತು, ಊರು ಹಾಕಿ ಸ್ಲೈಡ್ ಮಾಡಿದೆ. ನೋಡಿದವರೆಲ್ಲ "ಜಾಹೀರಾತು ಇದ್ದ ಹಾಗಿದೆ" ಅಂದ್ರು. ಒಂದನ್ನು ಕೆಳಗೆ ಹಾಕಿದ್ದೇನೆ. ಏನು ತಪ್ಪು?

*ಸ್ಲೈಡ್‌ನಲ್ಲಿದ್ದದ್ದು: ದುಂಡಗೆ ಕತ್ತರಿಸಿದ ಫೋಟೋ. "ಅತ್ಯುತ್ತಮ ಸೇವೆ, ಉತ್ತಮ ಯಂತ್ರ. ಎಲ್ಲರಿಗೂ ಶಿಫಾರಸು ಮಾಡುತ್ತೇನೆ." ಕೆಳಗೆ: ಸಂತೃಪ್ತ ಗ್ರಾಹಕರು, ಶಿರಸಿ.*

ಕುಮಟಾದ ಒಬ್ಬರು: ಐದು ಸ್ಟಾರ್ ಹಾಕಿ, ಅಕ್ಷರ ಓರೆ ಮಾಡಿ, ದೊಡ್ಡ ಉದ್ಧರಣ ಚಿಹ್ನೆ ಕೊಡಿ. ಯಾರದೋ ಮಾತು ಅಂತ ದೂರದಿಂದಲೇ ಗೊತ್ತಾಗ್ತದೆ.

ಡಿಸೈನರ್ (ಕಾರವಾರ, ಸ್ಲೈಡ್ ಮಾಡೋದೇ ಕೆಲಸ): ಚಿಹ್ನೆ ಇರ್ಲಿ. ಸ್ಟಾರ್ ಬೇಡ, ಅದನ್ನು ಕೊಟ್ಟದ್ದು ಯಾರು ಅಂತ ಸಭೆ ಕೇಳ್ತದೆ. ಓರೆ ಅಕ್ಷರವೂ ಬೇಡ. ಕನ್ನಡ ಫಾಂಟ್‌ಗಳಲ್ಲಿ ಹೆಚ್ಚಿನವಕ್ಕೆ ಓರೆ ರೂಪವೇ ಇಲ್ಲ. ಸಾಫ್ಟ್‌ವೇರ್ ಸುಮ್ನೆ ವಾಲಿಸಿಬಿಡ್ತದೆ, ಒತ್ತಕ್ಷರ ಪಕ್ಕಕ್ಕೆ ಜಾರಿದ ಹಾಗೆ ಕಾಣ್ತದೆ.

ಆದ್ರೆ ನಿಮ್ಮ ಮೊದಲ ತೊಂದರೆ ಡಿಸೈನ್ ಅಲ್ಲ, ಮಾತು. "ಶಿಫಾರಸು ಮಾಡುತ್ತೇನೆ" ಅಂತ ಯಾವ ಬೆಳೆಗಾರ ಹೇಳ್ತಾನೆ ಮಾರಾಯ್ರೆ? ಅವರು ನಿಜಕ್ಕೂ ಏನು ಹೇಳಿದ್ರು? ರೆಕಾರ್ಡ್ ಇದ್ಯಾ?

ಪ್ರಶ್ನೆ ಕೇಳಿದವರು: ವಾಟ್ಸಾಪ್ ವಾಯ್ಸ್ ಇದೆ. "ಹೋದ ವರ್ಷ ಎಂಟು ಜನ ಕೂತು ಸುಲೀತಿದ್ರು, ರಾತ್ರಿ ಹನ್ನೊಂದಾದ್ರೂ ಮುಗೀತಿರ್ಲಿಲ್ಲ. ಈ ಸಲ ಮೂರೇ ಜನ ಸಾಕಾತು. ಸಂಜೆ ಚಾ ಹೊತ್ತಿಗೆ ಆಗೋತು. ಮತ್ತೆ ಸಣ್ಣ ಅಡಿಕೆ ಒಡೀತದೆ, ಅದನ್ನ ಕೈಲೇ ಸುಲಿಯೋದು." ಇದು ತೀರಾ ಹಳ್ಳಿ ಮಾತಲ್ವಾ ಅಂತ ತಿದ್ದಿದೆ.

ಡಿಸೈನರ್: ಚಿನ್ನ ಬಿಟ್ಟು ಹಿತ್ತಾಳೆ ಹಿಡಿದಿದ್ದೀರಿ! ಸ್ಲೈಡ್‌ಗೆ ಇಷ್ಟು ಸಾಕು: "ಹೋದ ವರ್ಷ ಎಂಟು ಜನ ಕೂತು ಸುಲೀತಿದ್ರು... ಈ ಸಲ ಮೂರೇ ಜನ ಸಾಕಾತು. ... ಸಣ್ಣ ಅಡಿಕೆ ಒಡೀತದೆ, ಅದನ್ನ ಕೈಲೇ ಸುಲಿಯೋದು." ಬಿಟ್ಟ ಕಡೆ ಮೂರು ಚುಕ್ಕೆ ಇಡಿ, ಹೊಸ ಪದ ಸೇರಿಸ್ಬೇಡಿ. ಕತ್ತರಿಸಿದ್ದನ್ನು ಅವರಿಗೇ ಕಳಿಸಿ, "ಹೌದು, ಹಾಕಿ" ಅಂತ ಬರಹದಲ್ಲಿ ತರಿಸ್ಕೊಳ್ಳಿ. ಕೊನೆಯ ವಾಕ್ಯ ತೆಗೀಬೇಡಿ. ಆ ಸಣ್ಣ ದೂರು ಇರೋದಕ್ಕೇ ಮೊದಲ ಮಾತನ್ನೂ ಜನ ನಂಬ್ತಾರೆ.

ಹೆಸರಿನ ಸಾಲಿನಲ್ಲಿ ಪೂರ್ತಿ ಹೆಸರು, ಊರು, ಎಷ್ಟು ಎಕರೆ ತೋಟ, ಎಷ್ಟನೇ ಹಂಗಾಮು. ಎರಡು ಸಾಲಿಗಿಂತ ಜಾಸ್ತಿ ಬೇಡ. ಮಾತು 32 ಪಾಯಿಂಟ್ ಇದ್ರೆ ಈ ಸಾಲು 20 ಸಾಕು.

ಇನ್ನು ಫೋಟೋ. ಅದು ಅವರ ಡಿಪಿ ಅಲ್ವಾ? 1920×1080 ಸ್ಲೈಡ್‌ನ ಎಡಗಡೆ ಮೂರನೇ ಒಂದು ಭಾಗ ತುಂಬ್ಲಿಕ್ಕೆ 640×1080 ಪಿಕ್ಸೆಲ್ ಬೇಕು. ಡಿಪಿಯನ್ನು ಅಷ್ಟು ಎಳೆದ್ರೆ ಮುಖ ಮಂಜು ಮಂಜು. ಅದನ್ನು ಮುಚ್ಚಲಿಕ್ಕೇ ದುಂಡಗೆ ಕತ್ತರಿಸಿದ್ದೀರಿ ಅನ್ಸುತ್ತೆ. ಅವರ ಅಂಗಳದಲ್ಲೇ, ಚಪ್ಪರದ ನೆರಳಲ್ಲಿ, ಹರವಿದ ಅಡಿಕೆ ಹಿಂದೆ ಕಾಣೋ ಹಾಗೆ ಹೊಸದಾಗಿ ತೆಗೀರಿ. ಫೋನ್ ಅವರ ಕಣ್ಣಿನ ಎತ್ತರಕ್ಕಿರ್ಲಿ. ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ರೆ ವಾಟ್ಸಾಪ್ ಕುಗ್ಗಿಸ್ತದೆ.

ಮುಖ ಮಾತಿನ ಕಡೆ ತಿರುಗಿದ್ರೆ ಚೆಂದ. ಆದ್ರೆ ಅದಕ್ಕಾಗಿ ಫೋಟೋವನ್ನು ಕನ್ನಡಿ ಹಾಗೆ ತಿರುಗಿಸ್ಬೇಡಿ. ನಾನೊಮ್ಮೆ ತಿರುಗಿಸಿದ್ದೆ. ಅಂಗಿಯ ಜೇಬು ಬಲಕ್ಕೆ ಹೋಯ್ತು. ಸಭೆಯಲ್ಲಿ ಹಿಂದಿನ ಸಾಲಿನವರೊಬ್ಬರು "ಇವ್ರು ಯಾವಾಗ ಎಡಚರಾದ್ರು?" ಅಂದ್ರು, ಎಲ್ಲ ನಗಾಡಿದ್ರು. ಈಗ ಫೋಟೋವನ್ನೇ ಬಲಕ್ಕಿಟ್ಟು ಮಾತನ್ನು ಎಡಕ್ಕೆ ತರ್ತೇನೆ.

ಗೋಕರ್ಣದ ಹೋಮ್‌ಸ್ಟೇ ನಡೆಸುವವರು: ನಮ್ಮಲ್ಲಿ ಗೂಗಲ್‌ನಲ್ಲಿ ಒಬ್ಬರು ಒಂದೇ ಸ್ಟಾರ್ ಕೊಟ್ಟು ಹೋಗಿದ್ದಾರೆ. ಅದನ್ನು ತೆಗೆಸೋದು ಹೇಗೆ ಸರ್?

ಡಿಸೈನರ್: ಅದು ಬೇರೆ ವಿಷಯ ಅಕ್ಕಾ, ಬೇರೆ ಪೋಸ್ಟ್ ಹಾಕಿ.

ಪ್ರಶ್ನೆ ಕೇಳಿದವರು: ಒಂದು ಹೇಳ್ಲಿಲ್ಲ. ಮೂವರಲ್ಲಿ ಒಬ್ಬರು ನನ್ನ ಸೋದರಮಾವ. ಆದ್ರೆ ಅವರೂ ಬಾಡಿಗೆ ಕೊಟ್ಟೇ ತಗೊಂಡದ್ದು.

ಡಿಸೈನರ್: ಶಿರಸಿಯಲ್ಲಿ ಯಾರು ಯಾರ ಅಳಿಯ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಬಿಟ್ಟುಬಿಡಿ. ಹಾಕಲೇಬೇಕಾದ್ರೆ ಹೆಸರಿನ ಜೊತೆ "ನನ್ನ ಸೋದರಮಾವ" ಅಂತಲೇ ಬರೀರಿ. ಇಬ್ಬರಿದ್ರೂ ಸಾಕು, ಒಂದು ಸ್ಲೈಡ್‌ಗೆ ಒಬ್ಬರು.

ಹಳಿಯಾಳದ ಶಿಕ್ಷಕರು: "ಸಾಕಾತು, ಆಗೋತು" ಎಲ್ಲ ಬರೆದ್ರೆ ಓದೋವಾಗ ತಡವರಿಸ್ತದೆ. ಆಡುಮಾತನ್ನು ಅಕ್ಷರಕ್ಕಿಳಿಸಿದ್ರೆ ಆ ಮನುಷ್ಯನನ್ನು ನಗೆಪಾಟಲು ಮಾಡಿದ ಹಾಗಾಗ್ತದೆ. ನಾನಾದ್ರೆ ತಿದ್ದಿಯೇ ಹಾಕ್ತೇನೆ.

ಡಿಸೈನರ್: ಸರ್, ನೀವು ಹೇಳೋದನ್ನು ತಳ್ಳಿಹಾಕ್ಲಿಕ್ಕಾಗೋದಿಲ್ಲ. ಸಭೆ ಶಿರಸಿ-ಸಿದ್ದಾಪುರದವರದ್ದೇ ಆದ್ರೆ ನಾನು ಹಾಗೇ ಬಿಡ್ತೇನೆ. ಹೊರಗಿನವರಿದ್ರೆ ಒಂದೆರಡು ಪದ ಬದಲಿಸ್ತೇನೆ, ಅದೂ ಅವರನ್ನು ಕೇಳಿಯೇ.

ಪ್ರಶ್ನೆ ಕೇಳಿದವರು: ಅವರಿಗೆ ಎರಡೂ ಥರ ಬರೆದು ಕಳಿಸಿದೆ. "ನಾ ಹೇಳಿದ್ದೇ ಹಾಕು, ಆದ್ರೆ ಫೋಟೋ ತೆಗೆಯೋ ದಿನ ಮೊದಲೇ ಹೇಳು, ಕ್ಷೌರ ಮಾಡಿಸ್ಬೇಕು" ಅಂದ್ರು. ನಾಳೆ ಬೆಳಿಗ್ಗೆ ಹೋಗ್ತಿದ್ದೇನೆ.