ಜಮೀನು ನೋಡೋಕೆ ಹೋದಾಗ ಸ್ಥಳದಲ್ಲೇ ಏನೇನ್ ಚೆಕ್ ಮಾಡ್ಬೇಕು? ಅನುಭವ ಇರೋರು ಹೇಳಿ

ಹೊಸ ರೈತ: ಮೂರು ಎಕರೆ ಖುಷ್ಕಿ ಜಮೀನು, ಒಂದು ಬೋರ್ ಇದೆ, ಮಣ್ಣಿನ ರೋಡ್ ಇದೆ. ಕಾಗದ ಪತ್ರ ಎಲ್ಲಾ ವಕೀಲರ ಹತ್ರ ಕೊಟ್ಟಾಗಿದೆ, ಅದು ಬಿಡಿ. ಈ ಭಾನುವಾರ ಜಾಗಕ್ಕೆ ಹೋಗ್ತಿದೀವಿ. ದಾರಿ, ಗಡಿಕಲ್ಲು, ಬೋರ್, ಮಣ್ಣು, ಅಲ್ಲೇ ನಿಂತು ಹೇಗೆ ನೋಡೋದು? ಅಡಿಕೆ ಹಾಕೋ ಯೋಚನೆ.

ದಾರಿ ಇಲ್ಲದವ: ಮೊದ್ಲು ದಾರಿ ನೋಡಿ ಸ್ವಾಮಿ, ಮಿಕ್ಕಿದ್ದೆಲ್ಲ ಆಮೇಲೆ. ನಮ್ಮದು ಕಾರು ಸೀದಾ ಜಮೀನಿನ ಒಳಗೇ ಹೋಯ್ತು, ಬ್ರೋಕರ್ ಎದೆ ಉಬ್ಬಿಸ್ಕೊಂಡು ನೋಡಿ ಸಾರ್ ರೋಡು ಅಂದ. ರಿಜಿಸ್ಟರ್ ಆಗಿ ತಿಂಗಳಿಗೇ ಪಕ್ಕದ ಜಮೀನಿನೋನು ಅಡ್ಡ ತಂತಿ ಎಳ್ದ. ಕೇಳಿದ್ರೆ, ಹಳೇ ಯಜಮಾನ ನಮ್ಮ ಭಾವ, ಅದಕ್ಕೆ ಬಿಟ್ಟಿದ್ದೆ, ನೀವ್ಯಾರು ಅಂತಾನೆ. ಗ್ರಾಮ ನಕ್ಷೆಲಿ ನೋಡಿದ್ರೆ ಆ ದಾರಿಯ ಸುಳಿವೇ ಇಲ್ಲ. ಬಂಡಿ ದಾರಿ ಇದ್ರೆ ಎರಡು ಸಾಲು ತುಂಡು ಗೆರೆ ಇರುತ್ತೆ, ಒಂದೇ ಸಾಲು ಇದ್ರೆ ಕಾಲುದಾರಿ, ನಮಗೆ ಒಂದೂ ಇಲ್ಲ. ಮೆಣಸಿನಕಾಯಿ ಕೊಯ್ಲಿಗೆ ಬಂದಿತ್ತು, ಮೂಟೆಗಳನ್ನ ತಲೆ ಮೇಲೆ ಹೊತ್ತು ರೋಡಿಗೆ ತಂದ್ವಿ, ಮೂಟೆಗೆ ಮೂವತ್ತು ರೂಪಾಯಿ ಹಮಾಲಿ ಬೇರೆ. ಕೊನೆಗೆ ಆ ಪುಣ್ಯಾತ್ಮ ಮೂರು ಲಕ್ಷ ತಗೊಂಡು ಹನ್ನೆರಡು ಅಡಿ ಅಗಲದ ದಾರಿ ಹಕ್ಕು ಬರ್ಕೊಟ್ಟ. ಜಾಗ ಅಲ್ಲ, ಬರೀ ಓಡಾಡೋ ಹಕ್ಕು! ಅದರ ರಿಜಿಸ್ಟ್ರೇಷನ್ನು, ವಕೀಲರ ಫೀಸು, ತಂತಿ ಕಿತ್ತು ಮತ್ತೆ ಹಾಕ್ಸೋ ಕೂಲಿನೂ ನನ್ನ ಮೇಲೆ. ಬ್ರೋಕರ್ ಫೋನ್ ಎತ್ತೋದೇ ಬಿಟ್ಟ.

ಅದಕ್ಕೆ ಹೇಳೋದು, ನಕ್ಷೆ ಕೈಲಿ ಹಿಡ್ಕೊಂಡು ಡಾಂಬರ್ ರೋಡಿಂದ ಜಮೀನಿನ ತನಕ ನಡ್ಕೊಂಡು ಹೋಗಿ. ಯಾವ್ಯಾವ ಸರ್ವೆ ನಂಬರ್ ದಾಟ್ತೀರ ಬರ್ಕೊಳಿ, ಆ ಎಲ್ಲಾ ನಂಬರಿನ ಪಹಣಿ ತೆಗೀರಿ. ನಕ್ಷೆ ದಾರಿ ಆಗಿದ್ರೆ ಸಾಮಾನ್ಯವಾಗಿ ಅದರಲ್ಲಿ ಬಿ ಖರಾಬು, ಅಂದ್ರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ ಅಂತ ಒಂದೆರಡು ಗುಂಟೆ ಕಳ್ದಿರ್ತಾರೆ. ಇಲ್ಲದಿದ್ರೆ ಅದು ಯಾರದೋ ದಯೆ ಮೇಲೆ ನಡೀತಿರೋ ದಾರಿ.

ಆ್ಯಪ್ ಮಂಜು: ಅಷ್ಟೆಲ್ಲಾ ಯಾಕ್ ಗುರು, ದಿಶಾಂಕ್ ಹಾಕ್ಕೊಳಿ, ಜಮೀನಲ್ಲಿ ನಿಂತ್ರೆ ಸರ್ವೆ ನಂಬರ್ ತೋರ್ಸುತ್ತೆ, ಗೆರೆ ಮೇಲೆ ನಡ್ಕೊಂಡು ಹೋದ್ರೆ ಗಡಿ ಸಿಕ್ತು. ನಾನು ಹಂಗೇ ನೋಡಿ ಎರಡೂವರೆ ಎಕರೆ ತಗೊಂಡೆ, ಬೇಲಿನೂ ಹಾಕ್ಸಿದೆ. ಸರ್ವೆಯೋರಿಗೆ ಕಾದಿದ್ರೆ ಇನ್ನೂ ಕಾಯ್ತಿದ್ದೆ.

ನಿವೃತ್ತ ಮೋಜಣಿದಾರ: ಮಂಜು ಅವರೇ, ಬೇಲಿ ಹಾಕ್ಸಿ ಆಯ್ತು ಅಂದ್ರಲ್ಲ, ಪಕ್ಕದವರು ಅಳತೆ ಹಾಕ್ಸೋ ತನಕ ನೆಮ್ಮದಿಯಾಗಿರಿ. ಸರ್ವೆ ನಂಬರ್ ಯಾವುದು ಅಂತ ತಿಳಿಯೋಕೆ ಆ ಆ್ಯಪು ಒಳ್ಳೇದೇ, ಬ್ರೋಕರ್ ಬೇರೆ ಜಮೀನು ತೋರಿಸ್ತಿದ್ರೆ ತಕ್ಷಣ ಗೊತ್ತಾಗುತ್ತೆ. ಆದ್ರೆ ಗಡಿಗೆ ಅಲ್ಲ. ಫೋನಿನ ಜಿಪಿಎಸ್ ಬಯಲಲ್ಲೇ ನಾಲ್ಕೈದು ಮೀಟರ್ ಅತ್ತಿತ್ತ ಹೋಗುತ್ತೆ, ಮರದ ಕೆಳಗೆ ಇನ್ನೂ ಜಾಸ್ತಿ. ನೂರು ಮೀಟರ್ ಉದ್ದದ ಒಂದು ಬದಿಯಲ್ಲಿ ಐದು ಮೀಟರ್ ಆಚೀಚೆ ಆದ್ರೆ ಹತ್ತಿರ ಹತ್ತಿರ ಐದು ಗುಂಟೆ.

ಜಾಗದಲ್ಲಿ ಮಾಡೋದು ಇಷ್ಟು. ಆ ನಂಬರಿನ ಟಿಪ್ಪಣಿ ನಕಲು ತಗೊಂಡು ಹೋಗಿ, ಕಲ್ಲಿಂದ ಕಲ್ಲಿಗೆ ಅಳತೆ ಅದರಲ್ಲಿ ಇರುತ್ತೆ. ನಮ್ಮ ಹಳೇ ಮೈಸೂರು ಕಡೆ ಟಿಪ್ಪಣಿಯಲ್ಲಿ ಸರಪಳಿ, ಆಣೆ ಅಂತ ಇರುತ್ತೆ, ಸರಪಳಿ ಅಂದ್ರೆ 33 ಅಡಿ, ಅದರಲ್ಲಿ 16 ಆಣೆ. ಆರು ಸರಪಳಿ ಎಂಟು ಆಣೆ ಅಂತ ಬರೆದಿದ್ರೆ 214 ಅಡಿ ಚಿಲ್ಲರೆ ಬರಬೇಕು. ಟೇಪ್ ಹಿಡೀರಿ, ಅಡಿ ಎರಡಡಿ ವ್ಯತ್ಯಾಸ ಆದ್ರೆ ಚಿಂತೆ ಇಲ್ಲ, 195 ಬಂತು ಅಂದ್ರೆ ಒಂದು ಕಲ್ಲು ನಡೆದುಬಿಟ್ಟಿದೆ. ಯಾವುದು ಅಂತ ನೋಡೋಕೆ ಕಲ್ಲಿನ ಬುಡ ನೋಡಿ. ಹಳೇ ಬಾಂದು ಕಲ್ಲು ಒರಟಾಗಿರುತ್ತೆ, ಪಾಚಿ ಒಣಗಿ ಬೂದು ಕಲೆ ಆಗಿರುತ್ತೆ, ಅಲುಗಾಡಿಸಿದ್ರೆ ಅಲುಗಲ್ಲ. ಬುಡದ ಮಣ್ಣು ಸಡಿಲ ಇದ್ರೆ ಅನುಮಾನ ಪಡಿ. ಬೇಲಿಗೆ ಹಾಕಿರೋ ಹೊಸ ಕಲ್ಲುಕಂಬಾನ ಗಡಿಕಲ್ಲು ಅಂತ ತೋರಿಸೋರೂ ಇದಾರೆ. ಕೊನೆ ಮಾತು ಸರ್ವೆ ಇಲಾಖೆಯೋರು ಗಡಿ ಗುರುತಿಸೋ ಹದ್ದುಬಸ್ತೇ, ಅದಕ್ಕೆ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಅಳೀತಾರೆ, ಅಡ್ವಾನ್ಸ್ ಜಾಸ್ತಿ ಕೊಡೋಕೆ ಮುಂಚೆ ಮಾರೋರ ಕೈಲೇ ಅರ್ಜಿ ಹಾಕಿಸಿ.

ಆ್ಯಪ್ ಮಂಜು: ಯಜಮಾನ್ರೆ, ಹದ್ದುಬಸ್ತಿಗೆ ಅರ್ಜಿ ಹಾಕಿ ಜನ ವರ್ಷಗಟ್ಲೆ ಅಲೀತಾರೆ, ಅದನ್ನ ಹೇಳಲ್ವಲ್ಲ ನೀವು. ನಿಮ್ಮ ಡಿಪಾರ್ಟ್‌ಮೆಂಟ್ ಸರಿ ಇದ್ದಿದ್ರೆ ಆ್ಯಪ್ ಯಾಕೆ ಬೇಕಿತ್ತು.

ನಿವೃತ್ತ ಮೋಜಣಿದಾರ: ನನ್ನ ಡಿಪಾರ್ಟ್‌ಮೆಂಟ್ ಅಲ್ಲಪ್ಪ ಈಗ, ಪಿಂಚಣಿ ಬರ್ತಿದೆ. ಟೇಪ್ ಹಿಡಿಯೋಕೆ ಯಾರ ಅರ್ಜಿನೂ ಬೇಡ.

ತೋಟದ ಸುನಂದಾ: ಬೋರ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ನಾವು ನೋಡೋಕೆ ಹೋದಾಗ ಸ್ಟಾರ್ಟರ್ ಒತ್ತಿದ ತಕ್ಷಣ ಪೈಪು ತುಂಬ ನೀರು, ನಮ್ಮೆಜಮಾನ್ರು ಅಲ್ಲೇ ಕರಗಿ ಹೋದ್ರು. ನಾನು ಬಿಡ್ಲಿಲ್ಲ. ಆರೂವರೆ ಇಂಚಿನ ಬೋರಲ್ಲಿ ಒಂದೊಂದು ಅಡಿಗೂ ಆರೂವರೆ ಲೀಟರ್ ನೀರು ಸುಮ್ಮನೆ ನಿಂತಿರುತ್ತೆ. ನೀರು 150 ಅಡಿಗೆ ಇದೆ, ಮೋಟ್ರು 500ಕ್ಕೆ ಇಳಿಸಿದಾರೆ ಅಂದ್ರೆ ಮಧ್ಯೆ 350 ಅಡಿ, ಅಂದ್ರೆ ಎರಡು ಸಾವಿರ ಲೀಟರಿಗಿಂತ ಮೇಲೆ ಬರೀ ಶೇಖರಣೆ. ಕೆಳಗಿಂದ ಒಂದು ಹನಿ ಬರದೇ ಇದ್ರೂ ಅರ್ಧ ಗಂಟೆ ಚೆನ್ನಾಗೇ ಹೊಡೆಯುತ್ತೆ. ಬರ್ತೀವಿ ಅಂತ ಮುಂಚೆ ಹೇಳಿದ್ರೆ ಎರಡು ದಿನ ಮೋಟ್ರು ಆಫ್ ಮಾಡಿ ನೀರು ಕೂಡಿಸಿ ಇಟ್ಟಿರ್ತಾರೆ.

ಇಂಚು ಲೆಕ್ಕ ಹೇಳ್ತಾರೆ, ನಂಬ್ಬೇಡಿ, 200 ಲೀಟರ್ ಡ್ರಮ್ಮು ಇಡಿ, ಫೋನಲ್ಲಿ ಟೈಮ್ ನೋಡಿ. ನಮ್ಮದು ಶುರುಲಿ ಮೂರು ನಿಮಿಷಕ್ಕೆ ತುಂಬ್ತು, ಗಂಟೆಗೆ ನಾಲ್ಕು ಸಾವಿರ ಲೀಟರ್ ಅಂತ ಮಾರೋರು ಖುಷಿಯಾಗಿ ಲೆಕ್ಕ ಹಾಕಿದ್ರು. ಒಂದೂವರೆ ಗಂಟೆ ಆದ್ಮೇಲೆ ಐದು ನಿಮಿಷ, ಮೂರು ಗಂಟೆ ಹೊತ್ತಿಗೆ ಎಂಟು ನಿಮಿಷಕ್ಕೆ ಬಂದು ನಿಂತ್ಕೊಂಡ್ತು, ಆಮೇಲೆ ಬದಲಾಗ್ಲಿಲ್ಲ. ಅದೇ ನಿಜವಾದ ನೀರು, ಗಂಟೆಗೆ ಸಾವಿರದೈನೂರು. ತ್ರೀ ಫೇಸ್ ಏಳು ಗಂಟೆ ಸಿಕ್ಕಿದ್ರೆ ದಿನಕ್ಕೆ ಹತ್ತು ಸಾವಿರ ಚಿಲ್ಲರೆ. ಒಂಬತ್ತಡಿ ಅಂತರದಲ್ಲಿ ಎಕರೆಗೆ ಐನೂರು ಚಿಲ್ಲರೆ ಅಡಿಕೆ ಗಿಡ ಕೂರುತ್ತೆ, ಬೇಸಿಗೇಲಿ ಡ್ರಿಪ್ಪಲ್ಲಿ ದಿನಕ್ಕೆ ಇಪ್ಪತ್ತು ಲೀಟರ್ ಅಂದ್ರೆ ಒಂದು ಎಕರೆಗೇ ಮುಗೀತು. ಮೂರು ಎಕರೆ ನೀರಾವರಿ ಅಂತ ರೇಟ್ ಹೇಳಿದೋರಿಗೆ ಈ ಚೀಟಿ ಮುಂದಿಟ್ಟು ಇಳಿಸ್ದೆ.

ಇನ್ನೊಂದು, ಮೋಟ್ರು ಓಡ್ತಿರೋವಾಗ ನೀರಿನ ಜೊತೆ ಗಾಳಿ ಬುರ್ ಬುರ್ ಅಂತ ಬಂದ್ರೆ, ಪ್ಯಾನೆಲ್ ಬೋರ್ಡಲ್ಲಿ ಆಂಪ್ಸ್ ಮುಳ್ಳು ಕೆಳಗೆ ಜಾರಿದ್ರೆ, ನೀರು ಮೋಟ್ರು ಮಟ್ಟಕ್ಕೆ ಬಂತು ಅಂತ. ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ ಅನ್ನೋದನ್ನೂ ಅಲ್ಲೇ ಕೇಳಿ. ಅಣ್ಣ ತಮ್ಮ ಇಬ್ಬರ ಪಾಲಿನ ಬೋರು ಒಬ್ಬನೇ ಮಾರ್ತಿರ್ತಾನೆ.

ಕಾಯಿ ಪಾಯಿಂಟ್: ಮೇಡಂ ನೀರು ಕಮ್ಮಿ ಇದ್ರೆ ಇನ್ನೊಂದು ಬೋರ್ ಹಾಕ್ಸಿದ್ರಾಯ್ತು, ನಮ್ಮ ಮಾವ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ನೋಡ್ತಾರೆ, ಇದುವರೆಗೆ ಫೇಲ್ ಆಗಿಲ್ಲ.

ದಾರಿ ಇಲ್ಲದವ: ನಿಮ್ಮ ಮಾವನಂಥೋರೇ ನಮಗೂ ಎರಡು ಪಾಯಿಂಟ್ ಕೊಟ್ಟಿದ್ದು. ಎರಡೂ ಧೂಳು. ಅದಕ್ಕಿಂತ ದೊಡ್ಡ ಕತೆ ಅಂದ್ರೆ ಬೋರ್ ಲಾರಿ ಒಳಗೆ ಬರೋಕೇ ಆಗ್ಲಿಲ್ಲ ಮೊದ್ಲು, ತಿರುವಲ್ಲಿ ಪಕ್ಕದೋನ ಹಲಸಿನ ಕೊಂಬೆ ಅಡ್ಡ. ಕೊಂಬೆ ಕಡಿಯೋಕೂ ದುಡ್ಡು ಕೇಳ್ದ. ದಾರಿ ನೋಡುವಾಗ ಅಗಲ ಮಾತ್ರ ಅಲ್ಲ, ತಿರುವು, ಮೇಲಿನ ತಂತಿ, ಕೊಂಬೆ, ಹಳ್ಳ ದಾಟೋ ಕಡೆ ಮೋರಿ ಇದೆಯಾ, ಎಲ್ಲಾ ನೋಡಿ.

ಕಾಯಿ ಪಾಯಿಂಟ್: ಅದು ಲಾರಿಯೋನ ತಪ್ಪು, ಪಾಯಿಂಟ್ ತಪ್ಪಲ್ಲ.

ತೋಟದ ಸುನಂದಾ: ಧೂಳು ಬಂದಿದ್ದೂ ಲಾರಿಯೋನ ತಪ್ಪೇನಪ್ಪ?

ಎರಿ ಹೊಲ: ಎಲ್ಲಾರೂ ನೀರು ನೀರು ಅಂತೀರಿ, ಮಣ್ಣು ಯಾರು ನೋಡಾವ್ರು? ನಮ್ಮ ಕಡೆ ಎರಿ ಭೂಮಿ. ನಮ್ಮ ಬೀಗರು ಮಳಿ ಆದ ಮ್ಯಾಲೆ ಹೊಲ ನೋಡಿ ಬಂದ್ರು, ಕರ್ರಗ ಹೊಳಿತಿತ್ತು, ಎರಡು ದಿನದಾಗ ವ್ಯವಹಾರ ಮುಗಿಸಿದ್ರು. ಬ್ಯಾಸಗಿ ಬಂದ ಕೂಡ್ಲೇ ಒಂದ ಕಡಿಗೆ ಬೆಳ್ಳಗ ಉಪ್ಪು ಎದ್ದತ್ರಿ, ಸವಳು! ಅಲ್ಲಿ ಜಾಲಿ ಬಿಟ್ರ ಬ್ಯಾರೆ ಏನೂ ಏಳಂಗಿಲ್ಲ. ಮಳಿಗಾಲದಾಗ ಅದು ಕಾಣೂದ ಇಲ್ಲ, ಅದಕ್ಕ ಬ್ಯಾಸಗಿಯಾಗ ಒಮ್ಮಿ ನೋಡ್ರಿ.

ಇನ್ನ ಮೋಸ ಅಂದ್ರ ಮ್ಯಾಲ ಮಣ್ಣು ಹಾಕೂದು. ಗರಸು ಭೂಮಿ ಮ್ಯಾಲ ಕೆರಿ ಮಣ್ಣು ಹೊಡಸ್ತಾರ. ಲೆಕ್ಕ ಹಾಕ್ರಿ, ಒಂದ ಎಕರೆ ಒಂದ ಫೂಟು ಮಣ್ಣು ಅಂದ್ರ 43,560 ಘನ ಫೂಟು, ಟ್ರಾಲಿಗೆ ನೂರು ಘನ ಫೂಟು ಹಿಡದ್ರ ನಾಲ್ಕನೂರರ ಮ್ಯಾಲ ಟ್ರಾಲಿ. ಅಷ್ಟು ಯಾರೂ ಹೊಡಸೂದಿಲ್ಲ, ನೂರು ಟ್ರಾಲಿ ಹೊಡಸಿ ಮೂರಿಂಚು ಹರವಿ ಬಿಡ್ತಾರ. ನಾ ಹೊಲ ತಗೊಳ್ಳುವಾಗ ಮೂರು ಕಡೆ ಮೂರು ಮೂರು ಫೂಟು ತಗ್ಗು ತೋಡಿಸಿದೆ, ಒಂದ ಎತ್ತರದಾಗ, ಒಂದ ತಗ್ಗಿನಾಗ, ಒಂದ ನಡು. ಮಾರಾವ ಸಿಟ್ಟಾದ, ಆಗ್ಲಿ. ಅಡಿಕಿ ಅಂತೀರಲ್ಲ, ಎರಡು ಫೂಟಿಗೇ ಬಂಡಿಕಲ್ಲ ಹತ್ತಿದ್ರ ಬೇರು ಎಲ್ಲಿ ಹೋಗ್ತಾವ? ತಗ್ಗಿನ ಗ್ವಾಡಿಯಾಗ ಬಿಳೀ ಸುಣ್ಣದ ಹರಳು ಕಂಡ್ರ ಒಂದು ಹನಿ ನಿಂಬಿಹಣ್ಣಿನ ರಸ ಹಾಕ್ರಿ, ಬುರುಗು ಬಂದ್ರ ಸುಣ್ಣ ಐತಿ ಅಂತ ತಿಳ್ಕೊರಿ. ಅಂಥಾ ಮಣ್ಣಿನಾಗ ಗಿಡ ಹಳದಿ ಆಗ್ತಾವ.

ಆ್ಯಪ್ ಮಂಜು: ಲ್ಯಾಬಿಗೆ ಕೊಟ್ರೆ ಎಲ್ಲಾ ಬರುತ್ತಲ್ಲ, ನಿಂಬೆಹಣ್ಣು ಯಾಕೆ.

ಎರಿ ಹೊಲ: ಲ್ಯಾಬಿಗೂ ಕೊಡ್ರಿ, ಬ್ಯಾಡ ಅಂದಾವ್ರು ಯಾರು. ಆದ್ರ ನೀವು ಮ್ಯಾಲಿನ ಅರ್ಧ ಫೂಟಿಂದಷ್ಟ ಒಯ್ದು ಕೊಟ್ರ ಆ ಕೆರಿ ಮಣ್ಣಿಂದ ರಿಪೋರ್ಟ್ ಬರ್ತದ, ಮಸ್ತ ರಿಪೋರ್ಟ್! ತಗ್ಗಿನ ತಳದ್ದು ಬ್ಯಾರೆ ಚೀಲದಾಗ ಕೊಡ್ರಿ. ಪ್ಯಾಟಿ ಮಂದಿ ಬಂದು ಕೇಳಿದಷ್ಟು ಕೊಟ್ಟು ರೇಟ್ ಏರಿಸಿ ಇಟ್ಟೀರಿ, ಮಣ್ಣು ಮುಟ್ಟಿ ನೋಡಂಗಿಲ್ಲ.

ಆ್ಯಪ್ ಮಂಜು: ಮಾರೋರು ನಿಮ್ಮೂರವರೇ ತಾನೇ? ಕುತ್ತಿಗೆ ಹಿಡ್ದು ಕೊಡ್ಸಿದ್ವಾ ನಾವು?

ನಿವೃತ್ತ ಮೋಜಣಿದಾರ: ಇದು ಬೇರೆ ಕಡೆ ಹೋಗ್ತಿದೆ. ಪ್ರಶ್ನೆ ಕೇಳಿದೋರು ಮೂರು ಎಕರೆ ಅಂದಿದ್ರು, ಅದು ಪೂರ್ತಿ ನಂಬರೋ ಅಥವಾ ದೊಡ್ಡ ನಂಬರಿನ ಒಂದು ಭಾಗವೋ? ಭಾಗ ಆಗಿದ್ರೆ, ಮಾರೋ ಭಾಗವನ್ನ ಅಳೆದು ತೋರಿಸೋ 11ಇ ನಕ್ಷೆ ಆಗಿದೆಯಾ ಕೇಳಿ, ಆ ನಕ್ಷೆಯ ಪ್ರಕಾರ ಕಲ್ಲು ನೆಟ್ಟಿದಾರಾ ನೋಡಿ. ಇಲ್ಲದಿದ್ರೆ ನೀವು ತುಳಿದು ನೋಡಿದ ಮೂರು ಎಕರೆ ಒಂದು, ಸಿಗೋ ಮೂರು ಎಕರೆ ಇನ್ನೊಂದು.

ಹೊಸ ರೈತ: ಎಲ್ಲರಿಗೂ ಥ್ಯಾಂಕ್ಸ್. ಭಾಗವೇ ಸರ್, ಐದು ಎಕರೆ ನಂಬರಲ್ಲಿ ಮೂರು. 11ಇ ಮಾಡಿಸ್ಕೊಡ್ತೀವಿ ಅಂತಿದಾರೆ. ಬೋರ್ ಮೂರು ಗಂಟೆ ಓಡಿಸಿ ಅಂದ್ರೆ ಹಗಲು ಕರೆಂಟ್ ಇರಲ್ಲ, ರಾತ್ರಿ ಹತ್ತರ ಮೇಲೆ ಅಂತಾರೆ.

ತೋಟದ ಸುನಂದಾ: ರಾತ್ರಿ ಹತ್ತಕ್ಕೇ ಹೋಗಿ. ಡ್ರಮ್ಮು ನೀವೇ ತಗೊಂಡು ಹೋಗಿ, ಅವರ ಡ್ರಮ್ಮಿನ ತಳ ಒಳಕ್ಕೆ ಉಬ್ಬಿರುತ್ತೆ, ಬೇಗ ತುಂಬ್ತು ಅಂತ ಅನ್ಸುತ್ತೆ.

ಕಾಯಿ ಪಾಯಿಂಟ್: ಡ್ರಮ್ಮಲ್ಲೂ ಮೋಸನಾ, ಅತಿಯಾಯ್ತು ಮೇಡಂ.

ದಾರಿ ಇಲ್ಲದವ: ಆ ಉಳಿದ ಎರಡು ಎಕರೆ ರೋಡ್ ಕಡೆಗಿದ್ಯಾ ಅಥವಾ ಹಿಂದಕ್ಕಾ? ಅದನ್ನ ಮೊದ್ಲು ಹೇಳಿ.