ಪದಚರ್ಚೆ: 'ಮೂರನೆಯ ಬಗೆಯ ಸ್ರವಿಕಾ ಸೂಜಿ' ಎನ್ನಬಹುದೇ?

ಸುಮತಿ, ಮೈಸೂರು:

ಬಳಗದವರಿಗೆ ನಮಸ್ಕಾರ. ವಿಜ್ಞಾನ ಪ್ರದರ್ಶನವೊಂದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯ ತನ್ನ ಪ್ರೋಟೀನುಗಳನ್ನು ನಮ್ಮ ಕರುಳಿನ ಜೀವಕೋಶದೊಳಕ್ಕೆ ನೇರವಾಗಿ ದಾಟಿಸುವ ಸಲಕರಣೆಯ ಮಾದರಿ ಅಲ್ಲಿದೆ. ಇಂಗ್ಲಿಷಿನಲ್ಲಿ ಅದನ್ನು ಟೈಪ್ ತ್ರೀ ಸೆಕ್ರಿಷನ್ ನೀಡಲ್ ಎನ್ನುತ್ತಾರೆ. ಮಾದರಿ ಮಾಡಿದವರು ಒಂದು ನ್ಯಾನೋಮೀಟರಿಗೆ ಒಂದು ಸೆಂಟಿಮೀಟರ್ ಎಂದು ಲೆಕ್ಕ ಹಿಡಿದಿರುವುದರಿಂದ ಸೂಜಿಯು ಸುಮಾರು 60 ಸೆಂ.ಮೀ. ಉದ್ದದ, 8 ಸೆಂ.ಮೀ. ದಪ್ಪದ ಪೈಪಾಗಿದೆ, ಒಳಗಿನ ರಂಧ್ರ ಮಾತ್ರ ಎರಡು ಸೆಂ.ಮೀ.ಗಿಂತ ತುಸು ಹೆಚ್ಚು. ಇದೇ ಲೆಕ್ಕದಲ್ಲಿ ಇಡೀ ಬ್ಯಾಕ್ಟೀರಿಯವನ್ನು ಕಟ್ಟಿದ್ದರೆ ಅದು ಇಪ್ಪತ್ತು ಮೀಟರ್ ಉದ್ದವಾಗಿ ಸಭಾಂಗಣದಿಂದ ಹೊರಗೆ ಚಾಚಿಕೊಳ್ಳುತ್ತಿತ್ತು. ನಾನು 'ಸ್ರವಿಕಾ ಸೂಜಿ' ಎಂದು ಬರೆದಿದ್ದೇನೆ. ಆದರೆ ಸ್ರವಿಕೆ ಎಂದೊಡನೆ ಜೊಲ್ಲು, ಬೆವರು ನೆನಪಾಗುತ್ತವೆ. ಹೆಸರಿನ ಪಟ್ಟಿಯಲ್ಲಿ ಎರಡು ಪದಗಳಿಗಷ್ಟೇ ಜಾಗವಿದೆ. ತಿಳಿದವರು ದಯವಿಟ್ಟು ಇಂದೇ ಹೇಳಿ.

ಗೋಪಾಲಯ್ಯ, ತುಮಕೂರು:

'ಸ್ರವಿಕಾ' ಎಂಬ ಪದವೇ ಇಲ್ಲ. 'ಸ್ರವಿಸು' ಎಂಬುದಕ್ಕೆ ಕನ್ನಡದ 'ಇಕೆ' ಸೇರಿ 'ಸ್ರವಿಕೆ' ಆಗಿದೆ. ಅದರ ಕೊನೆಗೆ ದೀರ್ಘ ಎಳೆದ ಮಾತ್ರಕ್ಕೆ ಅದು ಸಂಸ್ಕೃತವಾಗುವುದಿಲ್ಲ. ಅಷ್ಟು ಸಾಲದೆಂಬಂತೆ ಅದನ್ನು ತದ್ಭವವಾದ 'ಸೂಜಿ'ಗೆ ಬೆಸೆದು ಅರಿಸಮಾಸವನ್ನೂ ಮಾಡಿದ್ದೀರಿ. ನಮ್ಮಲ್ಲಿ 'ಒಸರು' ಇದೆ, 'ಊಡು' ಇದೆ, 'ಕೊಳವೆ' ಇದೆ. ಒಲೆಯ ಮುಂದಿನ ಊದುಗೊಳವೆಯನ್ನು ಕಂಡವರಿಗೆ 'ಊಡುಗೊಳವೆ' ಎಂದರೆ ವಿವರಣೆಯೇ ಬೇಕಾಗಿಲ್ಲ. ಒಂದೇ ಪದದಲ್ಲಿ ಮುಗಿಯಿತು.

ಮಂಜುನಾಥ, ಬೆಂಗಳೂರು:

ಕರುಳಿಗೆ ರೋಗ ತರುವ ಪ್ರಾಣಿಗೆ ತಾಯಿ ಹಾಲೂಡುವ ಕ್ರಿಯಾಪದವನ್ನು ಕೊಡುವುದೇ? ಒಪ್ಪಲಾರೆ. ಇದು ಚುಚ್ಚಿ, ಹಿಂದಿನಿಂದ ಒತ್ತಡ ಕೊಟ್ಟು ವಿಷವನ್ನು ಒಳಕ್ಕೆ ತಳ್ಳುವ ಸಾಧನ. ಸೂಜಿ ಟೊಳ್ಳಾಗಿದೆ, ಬುಡದಲ್ಲಿ ಯಂತ್ರವಿದೆ, ತುದಿಯಲ್ಲಿ ನಮ್ಮ ಕೋಶವಿದೆ. 'ವಿಷ ಪಿಚಕಾರಿ' ಎಂದು ಬರೆಯಿರಿ, ಶಾಲೆಯ ಮಕ್ಕಳಿಗೂ ಅರ್ಥವಾಗುತ್ತದೆ.

ಶಾರದಾ (ಮೊದಲು ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿದ್ದೆ, ಈಗ ನಿವೃತ್ತಳು):

ಮಂಜುನಾಥರು ಸೂಜಿ ಟೊಳ್ಳು ಎಂದದ್ದೂ ಬುಡದಲ್ಲಿ ಯಂತ್ರವಿದೆ ಎಂದದ್ದೂ ಸರಿ. ಉಳಿದ ಮೂರೂ ತಪ್ಪು.

ಮೊದಲನೆಯದಾಗಿ, ಇದರಲ್ಲಿ ದಂಡವಿಲ್ಲ, ಹಿಂದಿನಿಂದ ತಳ್ಳುವ ದ್ರವದ ಒತ್ತಡವೂ ಇಲ್ಲ. ಸುಮತಿಯವರ ಪೈಪನ್ನೇ ನೋಡಿ. ಮಡಿಚಿಕೊಂಡ ಸಾಧಾರಣ ಪ್ರೋಟೀನು ಆ ಲೆಕ್ಕದಲ್ಲಿ ನಾಲ್ಕೈದು ಸೆಂ.ಮೀ. ಅಗಲದ ಉಂಡೆ, ಎರಡು ಸೆಂ.ಮೀ. ರಂಧ್ರದಲ್ಲಿ ಅದು ಹೇಗೆ ಹೋದೀತು? ಆದ್ದರಿಂದ ಬುಡದಲ್ಲಿರುವ ಎಟಿಪಿ ಕಿಣ್ವವು ಪ್ರೋಟೀನಿಗೆ ಕಾವಲಾಗಿ ಅಂಟಿಕೊಂಡಿರುವ ಜೊತೆಗಾರ ಪ್ರೋಟೀನನ್ನು ಕಳಚಿ, ಉಂಡೆಯನ್ನು ದಾರದಂತೆ ಬಿಚ್ಚಿಕೊಡುತ್ತದೆ. ಪೊರೆಯ ಎರಡು ಬದಿಗಳ ನಡುವೆ ಪ್ರೋಟಾನುಗಳ ಏರುಪೇರಿನಿಂದ ಒದಗುವ ಶಕ್ತಿಯೂ ಇದಕ್ಕೆ ಬೇಕು. ಸುಲಭವಾಗಿ ಬಿಚ್ಚಿಕೊಳ್ಳದ ಗಟ್ಟಿ ಪ್ರೋಟೀನೊಂದನ್ನು ಬಾಲಕ್ಕೆ ಅಂಟಿಸಿ ಕಳುಹಿಸಿದರೆ, ತಲೆಯ ಭಾಗ ಸೂಜಿಯೊಳಕ್ಕೆ ಹೋಗಿ, ಬಾಲ ಬುಡದಲ್ಲೇ ಸಿಕ್ಕಿಕೊಂಡು ಇಡೀ ದಾರಿ ಕಟ್ಟಿಹೋಗುತ್ತದೆ. ಹಾಗೆ ಸಿಕ್ಕಿಕೊಂಡದ್ದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದಾರೆ. ಪಿಚಕಾರಿಗೆ ಈ ಕಷ್ಟವಿಲ್ಲ.

ಎರಡನೆಯದಾಗಿ, ಸೂಜಿಯ ತುದಿ ಮೊನಚಲ್ಲ, ಅದು ಕೋಶವನ್ನು ಇರಿಯುವುದೂ ಇಲ್ಲ. ತುದಿಯ ಮೇಲೆ ಸಿಪ್-ಡಿ ಎಂಬ ಪ್ರೋಟೀನು ಟೋಪಿಯಂತೆ ಕೂತಿರುತ್ತದೆ. ಸೂಜಿ ನಮ್ಮ ಕೋಶಕ್ಕೆ ತಾಗಿದಾಗ ಸಿಪ್-ಬಿ, ಸಿಪ್-ಸಿ ಎಂಬ ಎರಡು ಪ್ರೋಟೀನುಗಳು ಮೊದಲು ಹೊರಬಂದು ಕೋಶದ ಪೊರೆಯಲ್ಲಿ ನೆಟ್ಟುಕೊಂಡು ಬಾಗಿಲಾಗುತ್ತವೆ. ಆ ಬಾಗಿಲಿಗೂ ಸೂಜಿಗೂ ನಡುವೆ ಬಿಡುವಿಲ್ಲದ ಒಂದೇ ದಾರಿ ಇದೆಯೇ, ಅಥವಾ ಕೆಲವು ಪ್ರೋಟೀನುಗಳು ಬ್ಯಾಕ್ಟೀರಿಯದ ಮೈಮೇಲಿಂದಲೇ ಬಾಗಿಲು ಸೇರುತ್ತವೆಯೇ ಎಂಬ ಜಗಳ ನಮ್ಮವರಲ್ಲಿ ಇನ್ನೂ ಇದೆ.

ಮೂರನೆಯದಾಗಿ, ಒಳಹೋಗುವುದನ್ನು ವಿಷ ಎನ್ನುವುದು ಅವಸರದ ಮಾತು. ಸಾಲ್ಮೊನೆಲ್ಲಾ ಕಳಿಸುವ ಸೋಪ್-ಇ ಎಂಬುದು ನಮ್ಮ ಕೋಶದ್ದೇ ಆದ ಗುಂಡಿಯೊಂದನ್ನು ಒತ್ತುತ್ತದೆ. ಪೊರೆ ಅಲೆಯಂತೆ ಎದ್ದು ಬ್ಯಾಕ್ಟೀರಿಯವನ್ನು ತಾನೇ ನುಂಗಿಕೊಳ್ಳುತ್ತದೆ. ಜೊತೆಗೇ ಬಂದ ಎಸ್‌ಪಿಟಿಪಿ ಅದೇ ಗುಂಡಿಯನ್ನು ಆರಿಸಿ ಪೊರೆಯನ್ನು ಮೊದಲಿನಂತೆ ಮಾಡುತ್ತದೆ. ಎರಡೂ ಒಟ್ಟಿಗೆ ಒಳಹೋದರೆ ಒಂದು ಇನ್ನೊಂದನ್ನು ಅಳಿಸಿಹಾಕಬೇಕಲ್ಲವೇ? ಹಾಗಾಗದಿರಲು ಕಾರಣವೆಂದರೆ ನಮ್ಮ ಕೋಶವು ಸೋಪ್-ಇಯನ್ನು ಬೇಗನೆ ಒಡೆದುಹಾಕುತ್ತದೆ, ಎಸ್‌ಪಿಟಿಪಿ ಹೆಚ್ಚು ಹೊತ್ತು ಉಳಿಯುತ್ತದೆ. ಕೋಶವನ್ನು ಕೊಲ್ಲದೆ ಬಾಗಿಲು ತೆಗೆಸಿ ಮತ್ತೆ ಮುಚ್ಚಿಸುವ ಈ ಕೆಲಸವನ್ನು ವಿಷ ಎನ್ನಲು ನನಗೆ ಮನಸ್ಸು ಬಾರದು.

ಬಸವರಾಜ, ಬಾಗಲಕೋಟೆ:

ನಮಸ್ಕಾರ. ನಮ್ಮ ದಾಳಿಂಬೆಗೆ ಬರುವ ದುಂಡಾಣು ಅಂಗಮಾರಿಯಲ್ಲಿಯೂ ಈ ಸೂಜಿಯೇ ಇದೆಯೆಂದು ಒಂದು ತರಬೇತಿಯಲ್ಲಿ ಹೇಳಿದ್ದರು. ಸೂಜಿಯನ್ನು ಮೊಂಡು ಮಾಡುವ ಸಿಂಪಡಣೆ ಯಾವುದಾದರೂ ಇದ್ದರೆ ಶಾರದಾ ಅವರು ದಯವಿಟ್ಟು ತಿಳಿಸಬೇಕು. ಎರಡು ವರ್ಷದಿಂದ ಕಾಯಿಯ ಮೇಲೆ ಎಣ್ಣೆ ಚುಕ್ಕೆ ಬಿದ್ದು ಸೀಳುತ್ತಿವೆ.

ಶಾರದಾ:

ಬಸವರಾಜರೇ, ಇಲ್ಲಿ ನಡೆಯುತ್ತಿರುವುದು ಹೆಸರಿನ ಚರ್ಚೆ. ಸಿಂಪಡಣೆಯ ಬಗ್ಗೆ ನಿಮ್ಮ ಕೃಷಿ ವಿಜ್ಞಾನ ಕೇಂದ್ರದವರನ್ನೇ ಕೇಳಿ. ತರಬೇತಿಯಲ್ಲಿ ಹೇಳಿದ್ದು ಮಾತ್ರ ನಿಜ, ಅದೂ ಇದೇ ಮೂರನೆಯ ಬಗೆ. ಸಸ್ಯದ ಜೀವಕೋಶಕ್ಕೆ ದಪ್ಪ ಗೋಡೆ ಇರುವುದರಿಂದ ಅಂಥ ಬ್ಯಾಕ್ಟೀರಿಯಗಳಲ್ಲಿ ಈ ಅಂಗವು ಅಷ್ಟೇ ಸಣ್ಣಗಿದ್ದು ಎಷ್ಟೋ ಪಟ್ಟು ಉದ್ದವಾಗಿ ಕೂದಲಿನಂತೆ ಬೆಳೆಯುತ್ತದೆ. ಮೊನಚೇ ಇಲ್ಲದ್ದನ್ನು ಮೊಂಡು ಮಾಡುವುದು ಎಲ್ಲಿಂದ!

ಗೋಪಾಲಯ್ಯ:

'ದುಂಡಾಣು' ಎಂಬುದೂ ತಪ್ಪು ಪದವೇ. ದಾಳಿಂಬೆಯ ಆ ಜೀವಿ ದುಂಡಗಿಲ್ಲ, ಕಡ್ಡಿಯಂತಿದೆ. ಆದರೂ ರೈತರು ಒಪ್ಪಿಕೊಂಡಿದ್ದಾರೆ, ಏಕೆಂದರೆ ಅದು ಕನ್ನಡ. ಮೊನಚಿಲ್ಲ, ಚುಚ್ಚುವುದಿಲ್ಲ, ಬಿಚ್ಚಿದ ದಾರದಂತೆ ಒಳಕ್ಕೆ ಊಡುತ್ತದೆ ಎಂದು ಶಾರದಾ ಅವರೇ ಹೇಳಿದ ಮೇಲೆ ನನ್ನ 'ಊಡುಗೊಳವೆ' ಗೆದ್ದಂತೆಯೇ ಅಲ್ಲವೇ? ಎಲ್ಲವನ್ನೂ ಇಂಗ್ಲಿಷಿನಿಂದಲೋ ಸಂಸ್ಕೃತದಿಂದಲೋ ಸಾಲ ತರುವವರು ಇದನ್ನು ಒಪ್ಪುವುದಿಲ್ಲವೆಂದು ಬಲ್ಲೆ.

ಮಂಜುನಾಥ:

'ಪ್ರೋಟೀನು', 'ಬ್ಯಾಕ್ಟೀರಿಯ' ಇಲ್ಲದೆ ಈ ಫಲಕದ ಒಂದು ಸಾಲನ್ನು ಬರೆದು ತೋರಿಸಿ, ಆಮೇಲೆ ಸಾಲದ ಮಾತಾಡೋಣ.

ಶಾರದಾ:

'ಸೂಜಿ' ಎಂಬ ಹೆಸರನ್ನು ಬಿಡಬೇಡಿ. 1998ರಲ್ಲಿ ಸಾಲ್ಮೊನೆಲ್ಲಾದಿಂದ ಇದನ್ನು ಬಿಡಿಸಿ ತೆಗೆದ ಚಿತ್ರಗಳಲ್ಲಿ ಕಂಡ ಆಕಾರದಿಂದ ಆ ಹೆಸರು ಬಂದಿದೆ. ಆಕಾರದ ಹೆಸರು ಆಕಾರಕ್ಕೆ ಸಲ್ಲುತ್ತದೆ. ತೊಡಕಿರುವುದು 'ಸ್ರವಿಕೆ'ಯಲ್ಲಿ. ಪ್ಲೇಗಿನ ಬ್ಯಾಕ್ಟೀರಿಯ ಸೇರಿದ ಯೆರ್ಸಿನಿಯ ಕುಲದಲ್ಲಿ, 37 ಡಿಗ್ರಿ ಬಿಸಿಯಲ್ಲಿ ಕ್ಯಾಲ್ಸಿಯಂ ಇಲ್ಲದ ಸಾರಿನಲ್ಲಿ ಬೆಳೆಸಿದಾಗ ಈ ಪ್ರೋಟೀನುಗಳು ಸಾರಿಗೇ ಸುರಿದುಬಿಡುತ್ತವೆ. ಸೀಸೆಯಲ್ಲಿ ಕಂಡದ್ದು ಅದು. ಹಾಗಾಗಿ ಸ್ರವಿಕೆ ಎಂದು ಕರೆದರು. ಕೋಶಗಳ ಜೊತೆ ಬೆಳೆಸಿ ನೋಡಿದಾಗ, 1994ರ ಹೊತ್ತಿಗೆ, ಯೋಪ್-ಇ ಎಂಬುದು ಸಾರಿಗೆ ಸೋರದೆ ತಾಗಿದ ಕೋಶದೊಳಕ್ಕೇ ಹೋಗುವುದು ಖಚಿತವಾಯಿತು. ಹೆಸರು ಮಾತ್ರ ಸೀಸೆಯದ್ದೇ ಉಳಿಯಿತು. ಫಲಕದಲ್ಲಿ ಬ್ಯಾಕ್ಟೀರಿಯದಿಂದ ಹೊರಬರುವುದಕ್ಕೆ ಒಂದು ಕ್ರಿಯಾಪದ, ಕೋಶದ ಒಳಹೊಗುವುದಕ್ಕೆ ಇನ್ನೊಂದು ಇರಲಿ. ಎರಡಕ್ಕೂ 'ಸ್ರವಿಸು' ಎಂದರೆ ಓದುಗರಿಗೆ ನಡುವಿನ ಬಾಗಿಲು ಕಾಣುವುದೇ ಇಲ್ಲ.

ಸುಮತಿ:

ಎಲ್ಲರಿಗೂ ಕೃತಜ್ಞತೆಗಳು. ಪಟ್ಟಿಯಲ್ಲಿ 'ದಾಟಿಸುವ ಸೂಜಿ' ಎಂದಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿ 'ಮೂರನೆಯ ಬಗೆಯ ಸ್ರವಿಕೆ ವ್ಯವಸ್ಥೆಯ ಭಾಗ' ಎಂದು ಬರೆಯುತ್ತೇನೆ. ವಿವರಣೆಯ ಸಾಲು ಹೀಗಿದೆ: 'ಪ್ರೋಟೀನು ದಾರದಂತೆ ಬಿಚ್ಚಿಕೊಂಡು ಸೂಜಿಯೊಳಗೆ ಸಾಗುತ್ತದೆ; ಕೋಶದ ಪೊರೆಯಲ್ಲಿ ಮೊದಲೇ ನೆಟ್ಟ ಬಾಗಿಲಿನಿಂದ ಒಳಹೊಗುತ್ತದೆ.' ಪೈಪಿನ ತುದಿಯನ್ನು ಮಾಡಿದವರು ಚೂಪಾಗಿ ಕತ್ತರಿಸಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಅದನ್ನು ಗರಗಸದಿಂದ ಸಮ ಮಾಡಿಸುತ್ತೇನೆ.

ಗೋಪಾಲಯ್ಯ:

'ದಾಟಿಸುವ ಸೂಜಿ' ಎಂದರೆ ಸೂಜಿಯೇ ಹೊಳೆ ದಾಟಿಸಿತೆಂಬಂತೆ ಕೇಳುತ್ತದೆ. ನನ್ನ ಆಕ್ಷೇಪ ದಾಖಲಾಗಲಿ.